ಟೈಪ್ 1 ಇದ್ದವರ ಉದ್ದ ಓಟಕ್ಕೆ ಒಂಬತ್ತು ಸೂತ್ರಗಳು

ಅಂಚೆಟ್ಟಿ, ತಳಿ, ಡೆಂಕಣಿಕೋಟೆ ಕಡೆ ಸಕ್ಕರೆ ಕಾಯಿಲೆ ಎಂದರೆ ಜನ ಕೊಡುವ ಬುದ್ಧಿಮಾತು ಒಂದೇ: ಸಿಹಿ ಬಿಡು, ಮಾತ್ರೆ ನುಂಗು, ದಿನಾ ನಡಿ. 2021ರ ಆಗಸ್ಟ್‌ನಲ್ಲಿ ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ ತಮಿಳುನಾಡು ಸರ್ಕಾರ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಶುರುಮಾಡಿ, ಬಿಪಿ ಮತ್ತು ಶುಗರ್ ಮಾತ್ರೆಗಳನ್ನು ಮನೆಬಾಗಿಲಿಗೇ ತಲುಪಿಸತೊಡಗಿತು. ಆದರೆ ಆ ಬುದ್ಧಿಮಾತು ಹೊಂದುವುದು ಹೆಚ್ಚಾಗಿ ಟೈಪ್ 2 ಇರುವವರಿಗೆ. ಟೈಪ್ 1 ಇರುವವರ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಬದುಕಿರುವಷ್ಟು ದಿನ ಇಂಜೆಕ್ಷನ್ ಬೇಕು. ಇಂಥವರು ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಹೊರಟರೆ ದೊಡ್ಡ ಭಯ ಶುಗರ್ ಏರುವುದಲ್ಲ, ದಾರಿಯ ನಡುವೆ ಕುಸಿಯುವುದು. ಕೆಳಗಿನ ಅಂಕಿಗಳೆಲ್ಲ ಸಾಮಾನ್ಯ ತತ್ವಗಳು. ನಿಮ್ಮ ಮೈಗೆ ಎಷ್ಟು ಎಂಬುದನ್ನು ನಿಮ್ಮ ಡಾಕ್ಟರ ಜೊತೆ ಕೂತು ಗೊತ್ತುಮಾಡಿಕೊಳ್ಳಬೇಕು.

1. ಮೊದಲು ಮೈಯಲ್ಲಿರುವ ಇನ್ಸುಲಿನ್ ಲೆಕ್ಕ ಹಾಕಿ

ಶುಗರ್ ಎಷ್ಟಿದೆ ಎಂದು ಎಲ್ಲರೂ ನೋಡಿಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಈ ಹೊತ್ತಿಗೆ ಮೈಯಲ್ಲಿ ಎಷ್ಟು ಇನ್ಸುಲಿನ್ ಕೆಲಸ ಮಾಡುತ್ತಿದೆ ಎಂಬುದು. ಕಾಯಿಲೆ ಇಲ್ಲದವರು ಓಡತೊಡಗಿದ ಕೂಡಲೇ ಅವರ ದೇಹ ಇನ್ಸುಲಿನ್ ಬಿಡುವುದನ್ನು ತಗ್ಗಿಸುತ್ತದೆ. ಆಗ ಲಿವರ್ ತನ್ನಲ್ಲಿ ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಸ್ನಾಯು ಸುಟ್ಟಷ್ಟನ್ನು ಲಿವರ್ ತುಂಬಿಕೊಡುತ್ತದೆ. ಚುಚ್ಚಿಕೊಂಡ ಇನ್ಸುಲಿನ್‌ ಹಾಗಲ್ಲ, ಅದನ್ನು ವಾಪಸ್ ತೆಗೆಯಲಾಗದು. ಅದು ಒಂದು ಕಡೆ ಲಿವರ್‌ನ ಬಾಗಿಲು ಮುಚ್ಚುತ್ತದೆ, ಇನ್ನೊಂದು ಕಡೆ ಸ್ನಾಯುವಿಗೆ ಸಕ್ಕರೆ ತಳ್ಳುತ್ತದೆ. ಓಡುವ ಸ್ನಾಯುವಾದರೋ ಇನ್ಸುಲಿನ್ ನೆರವಿಲ್ಲದೆಯೂ ರಕ್ತದ ಸಕ್ಕರೆ ಎಳೆದುಕೊಳ್ಳಬಲ್ಲದು. ಈ ಎರಡೂ ಸೇರಿದಾಗ ಅರ್ಧ ಗಂಟೆಯಲ್ಲೇ ಶುಗರ್ ಜಾರುತ್ತದೆ.

ಆದ್ದರಿಂದ ನಿಮ್ಮ ಇನ್ಸುಲಿನ್ ಯಾವ ಜಾತಿಯದು ಎಂದು ತಿಳಿದಿರಬೇಕು. ಊಟಕ್ಕೆ ಮುಂಚೆ ಹಾಕುವ ಹೊಸ ಬಗೆಯ ವೇಗದ ಇನ್ಸುಲಿನ್‌ನ ಜೋರು ಮೊದಲ ಒಂದೆರಡು ಗಂಟೆ. ಸುಮಾರು ನಾಲ್ಕು ಗಂಟೆಯಲ್ಲಿ ಅದರ ಕೆಲಸ ಬಹುಪಾಲು ಮುಗಿಯುತ್ತದೆ. ಹಳೆಯ ರೆಗ್ಯುಲರ್ ಇನ್ಸುಲಿನ್ ಆರರಿಂದ ಎಂಟು ಗಂಟೆಯವರೆಗೂ ಎಳೆಯುತ್ತದೆ. 30/70ರ ಹಾಗೆ ಬೆರೆಸಿ ಬರುವ ಇನ್ಸುಲಿನ್ ಹಾಕುವವರಿಗೆ ಇನ್ನೊಂದು ತೊಡಕಿದೆ: ಊಟದ ಭಾಗವನ್ನಷ್ಟೇ ಕಡಿಮೆ ಮಾಡಲು ಬರುವುದಿಲ್ಲ, ಒಂದನ್ನು ಇಳಿಸಿದರೆ ಎರಡೂ ಇಳಿಯುತ್ತವೆ. ಉದ್ದ ಓಟ ಅಭ್ಯಾಸ ಮಾಡುವ ಆಸೆಯಿದ್ದರೆ, ಊಟದ ಇನ್ಸುಲಿನ್ ಬೇರೆ, ದಿನವಿಡೀ ಕೆಲಸ ಮಾಡುವ ಬೇಸಲ್ ಇನ್ಸುಲಿನ್ ಬೇರೆ ಇರುವ ಪದ್ಧತಿಗೆ ಬದಲಾಗಬಹುದೇ ಎಂದು ಡಾಕ್ಟರನ್ನು ಕೇಳಿ. ನನ್ನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಇನ್ನೊಂದು ಮಾತು. ಲೋ ಆಗುವ ಭಯಕ್ಕೆ ಬೇಸಲ್ ಇನ್ಸುಲಿನ್ ಪೂರ್ತಿ ಬಿಟ್ಟು ಓಡುವವರಿದ್ದಾರೆ. ಇದು ಮಾಡಲೇಬಾರದ ಕೆಲಸ. ಇನ್ಸುಲಿನ್ ತೀರಾ ಇಲ್ಲದಿದ್ದರೆ ದೇಹ ಕೊಬ್ಬು ಕರಗಿಸಿ ಕೀಟೋನ್ ತುಂಬಿಕೊಳ್ಳುತ್ತದೆ, ಓಟ ಅದನ್ನು ಇನ್ನಷ್ಟು ಕೆಡಿಸುತ್ತದೆ. ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ ಅದು.

2. ಬೆಳಿಗ್ಗೆ ತಿಂಡಿಗೆ ಮುಂಚೆ ಓಡಿ, ಬೆಳಕು ಹರಿದ ಮೇಲೆ ಹೊರಡಿ

ರಾತ್ರಿ ಎಂಟೂವರೆಗೆ ಊಟದ ಇನ್ಸುಲಿನ್ ಹಾಕಿದವರಿಗೆ ಮರುದಿನ ಬೆಳಿಗ್ಗೆ ಆರಕ್ಕೆ ಅದು ಉಳಿದಿರುವುದಿಲ್ಲ. ಬೇಸಲ್ ಮಾತ್ರ ಇರುತ್ತದೆ. ಅದಕ್ಕೇ ತಿಂಡಿಗೆ ಮುಂಚಿನ ಓಟದಲ್ಲಿ ಶುಗರ್ ನಿಧಾನವಾಗಿ ಇಳಿಯುತ್ತದೆ, ಕೆಲವರಲ್ಲಿ ಇಳಿಯುವುದೇ ಇಲ್ಲ. ಅದೇ ಓಟವನ್ನು ಸಂಜೆ, ಮಧ್ಯಾಹ್ನದ ಮುದ್ದೆಯ ಇನ್ಸುಲಿನ್ ಇನ್ನೂ ಇರುವಾಗ ಓಡಿದರೆ ಕಥೆಯೇ ಬೇರೆ.

ಆದರೆ ನಮ್ಮ ಕಡೆ ನಸುಕಿನಲ್ಲಿ ಹೊರಡುವುದಕ್ಕೆ ಅಡ್ಡಿಯಿದೆ. ಅಂಚೆಟ್ಟಿ ಸುತ್ತಲಿನದು ಆನೆ ಓಡಾಡುವ ಕಾಡು. ಕಾವೇರಿ ಉತ್ತರ ವನ್ಯಜೀವಿಧಾಮ ಇಲ್ಲೇ ಇದೆ. ಡೆಂಕಣಿಕೋಟೆಯಿಂದ ಇಳಿದು ಬರುವ ಕಾಡಿನ ರಸ್ತೆ ನೋಡಲು ಎಷ್ಟೇ ಚೆಂದವಿದ್ದರೂ ಒಂಟಿಯಾಗಿ ಓಡುವ ಜಾಗವಲ್ಲ. ಆನೆಯ ಭಯ ಇಲ್ಲದಿದ್ದರೂ ಹಾಗೆಯೇ ಹೇಳುತ್ತಿದ್ದೆ: ತಿರುವಿನಲ್ಲಿ ಶುಗರ್ ಕುಸಿದು ಕೂತರೆ ಕಾಣುವವರಿಲ್ಲ, ಫೋನಿಗೆ ಸಿಗ್ನಲ್ ಸಿಗುತ್ತದೆಂಬ ಭರವಸೆಯೂ ಇಲ್ಲ. ಹತ್ತು ಕಿಲೋಮೀಟರ್ ಹೋಗಿ ಹತ್ತು ವಾಪಸ್ ಬರುವ ದಾರಿಗಿಂತ, ಊರಿನ ಆಸುಪಾಸಲ್ಲೇ ನಾಲ್ಕೈದು ಕಿಲೋಮೀಟರಿನ ಸುತ್ತು ಗುರುತು ಮಾಡಿಕೊಂಡು ಅದನ್ನೇ ನಾಲ್ಕು ಸಲ ಓಡುವುದು ಲೇಸು. ಪರಿಚಯದ ಟೀ ಅಂಗಡಿಯಲ್ಲಿ ಗ್ಲೂಕೋಸ್ ಬಾಟಲಿ, ಮೀಟರ್, ಬಾಳೆಹಣ್ಣು ಇಟ್ಟರೆ ಪ್ರತಿ ಸುತ್ತಿಗೂ ಕೈಗೆ ಸಿಗುತ್ತವೆ. ಅಂಗಡಿಯವರಿಗೂ ನಿಮ್ಮ ವಿಷಯ ಗೊತ್ತಿರಲಿ.

3. ತಿಂದು ಓಡುವುದಾದರೆ ಊಟದ ಇನ್ಸುಲಿನ್ ಇಳಿಸಿ

ಊಟವಾದ ಒಂದರಿಂದ ಮೂರು ಗಂಟೆಯೊಳಗೆ ಓಡುವುದಿದ್ದರೆ ಆ ಊಟದ ಡೋಸ್ ಕಡಿಮೆಯಾಗಬೇಕು. 2017ರಲ್ಲಿ ಮೈಕೆಲ್ ರಿಡೆಲ್ ಮತ್ತಿತರ ತಜ್ಞರು ಲ್ಯಾನ್ಸೆಟ್ ಡಯಾಬಿಟಿಸ್ ಅಂಡ್ ಎಂಡೋಕ್ರೈನಾಲಜಿ ಪತ್ರಿಕೆಯಲ್ಲಿ ಕೊಟ್ಟ ಒಮ್ಮತದ ಸೂಚನೆಯಲ್ಲಿ, ಮಧ್ಯಮ ವೇಗದ ಅರ್ಧ ಗಂಟೆ ವ್ಯಾಯಾಮಕ್ಕೆ ಅರ್ಧದಷ್ಟು, ಒಂದು ಗಂಟೆಗೆ ಮುಕ್ಕಾಲು ಪಾಲು ಇಳಿಸುವುದು ಆರಂಭದ ಅಂದಾಜು. ಹತ್ತು ಯೂನಿಟ್ ಹಾಕುವ ಕಡೆ ಎರಡೂವರೆ ಎಂದಾಯಿತು. ಬಹಳ ಕಡಿಮೆ ಅನಿಸಬಹುದು, ಆದರೂ ಉದ್ದ ಓಟದ ಮಟ್ಟಿಗೆ ಲೆಕ್ಕ ಸರಿಯೇ.

ಇಲ್ಲಿ ಊಟವನ್ನೂ ನೋಡಬೇಕು. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 65ರಿಂದ 70 ಗ್ರಾಂ ಕಾರ್ಬ್ ಇದೆ. ಅಷ್ಟು ದೊಡ್ಡ ಊಟಕ್ಕೆ ಡೋಸ್ ಮುಕ್ಕಾಲು ಇಳಿಸಿ, ಆಮೇಲೆ ಯಾವುದೋ ಕಾರಣಕ್ಕೆ ಓಡದೇ ಇದ್ದರೆ ಶುಗರ್ ಮುನ್ನೂರು ದಾಟೀತು. ಓಟ ಖಚಿತವಾಗಿದ್ದರೆ ಮಾತ್ರ ಇಳಿಸಿ, ಓಟಕ್ಕೆ ಮುಂಚಿನ ಊಟ ಚಿಕ್ಕದಾಗಿರಲಿ.

ಓಡುವ ದಿನ ತೊಡೆಗೆ ಚುಚ್ಚಬೇಡಿ. ಬಿಸಿಯೇರಿದ, ರಕ್ತ ಜೋರಾಗಿ ಹರಿಯುವ ಕಾಲಿನಿಂದ ಇನ್ಸುಲಿನ್ ಬೇಗ ಹೀರಿಕೆಯಾಗುತ್ತದೆ. ಹೊಟ್ಟೆ ಮೇಲು. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದ್ದರೆ ಅದನ್ನೂ ಬಿಡಿ. ಗಂಟಿನಿಂದ ಇನ್ಸುಲಿನ್ ಯಾವಾಗ ಎಷ್ಟು ಬಂದೀತೆಂದು ಹೇಳಲಾಗದು.

4. ಹೊರಡುವ ಅಂಕಿ

ಇದು ಬಾಯಿಪಾಠವಾಗಿರಬೇಕು. 126ರಿಂದ 180ರ ನಡುವೆ ಇದ್ದರೆ ಹೊರಡಬಹುದು. 90ಕ್ಕಿಂತ ಕಡಿಮೆ ಇದ್ದರೆ 10ರಿಂದ 20 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 90 ದಾಟುವವರೆಗೆ ಕಾಯಬೇಕು. 90ರಿಂದ 125ರವರೆಗೆ ಇದ್ದರೆ ಹತ್ತು ಗ್ರಾಂ ತಿಂದು ಹೊರಡಿ. 180ರ ಮೇಲಿದ್ದು ಅದಕ್ಕೆ ಕಾರಣ ಗೊತ್ತಿದ್ದರೆ, ಈಗಷ್ಟೇ ತಿಂದದ್ದೋ ಏನೋ, ಓಡಬಹುದು. 270 ದಾಟಿದ್ದರೆ ಕೀಟೋನ್ ನೋಡದೆ ಕಾಲು ಎತ್ತಬೇಡಿ. ರಕ್ತದ ಕೀಟೋನ್ 1.5 ಅಥವಾ ಅದಕ್ಕೂ ಹೆಚ್ಚಿದ್ದರೆ ಓಟದ ಮಾತೇ ಇಲ್ಲ, ಡಾಕ್ಟರಿಗೆ ಫೋನ್ ಮಾಡಿ. ರಕ್ತದ ಸ್ಟ್ರಿಪ್ ದುಬಾರಿ ಅನಿಸಿದರೆ ಮೂತ್ರದ ಕೀಟೋನ್ ಸ್ಟ್ರಿಪ್ ಆದರೂ ಮನೆಯಲ್ಲಿರಲಿ.

ಹಿಂದಿನ 24 ಗಂಟೆಯಲ್ಲಿ ಬೇರೆಯವರ ನೆರವು ಬೇಕಾಗುವಷ್ಟು ಲೋ ಆಗಿದ್ದರೆ ಅಂದು ಓಡುವಂತಿಲ್ಲ. ಒಮ್ಮೆ ಹಾಗೆ ಕುಸಿದ ದೇಹ ಮುಂದಿನ ಸಲ ಎಚ್ಚರಿಕೆ ಕೊಡುವುದನ್ನು ಮರೆಯುತ್ತದೆ. ಕೈನಡುಕ, ಎದೆಬಡಿತ ಎರಡೂ ಬಾರದೆ ನೇರ ಮಂಪರಿಗೆ ಜಾರಬಹುದು.

5. ಹಸಿವಾಗುವ ಮುಂಚೆಯೇ ಗ್ಲೂಕೋಸ್ ಕುಡಿಯಿರಿ

ಒಂದು ಗಂಟೆಗೆ ಮೀರಿದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ಬೇಕು. ಮೈಯಲ್ಲಿ ಇನ್ಸುಲಿನ್ ಹೆಚ್ಚಿದ್ದರೆ 75ರವರೆಗೂ ಬೇಕಾದೀತು. ಅದನ್ನು ಒಟ್ಟಿಗೆ ಸುರಿಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಹತ್ತರಿಂದ ಇಪ್ಪತ್ತು ಗ್ರಾಂ ಆಗಿ ಹಂಚಬೇಕು.

ಅಂಗಡಿಯ ದುಬಾರಿ ಜೆಲ್ ಕಡ್ಡಾಯವೇನಲ್ಲ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಗ್ಲೂಕೋಸ್ ಪುಡಿ, ಒಂದು ಚಿಟಿಕೆ ಉಪ್ಪು. ನೂರು ಮಿಲಿಗೆ ಆರು ಗ್ರಾಂ. ಹೊಟ್ಟೆ ಸುಲಭವಾಗಿ ಬಿಟ್ಟುಕೊಡುವ ಹದ ಅದು. ಗಟ್ಟಿ ಮಾಡಿದರೆ ಹೊಟ್ಟೆ ತೊಳಸುತ್ತದೆ. ಚಮಚದ ಅಳತೆಯನ್ನು ನಂಬಬೇಡಿ: ತುಂಬು ಚಮಚಕ್ಕೂ ಸಮ ಚಮಚಕ್ಕೂ ಬಹಳ ವ್ಯತ್ಯಾಸ. ಒಮ್ಮೆ ದಿನಸಿ ಅಂಗಡಿಯ ತಕ್ಕಡಿಯಲ್ಲಿ 30 ಗ್ರಾಂ ತೂಗಿಸಿ, ನಿಮ್ಮ ಮನೆಯ ಯಾವ ಲೋಟಕ್ಕೆ ಎಲ್ಲಿಯವರೆಗೆ ಬರುತ್ತದೆಂದು ಗೆರೆ ಹಾಕಿಟ್ಟುಕೊಳ್ಳಿ.

ಸಣ್ಣ ಏಲಕ್ಕಿ ಬಾಳೆಯಲ್ಲಿ ಹತ್ತು ಹನ್ನೆರಡು ಗ್ರಾಂ ಆಸುಪಾಸು ಸಿಗುತ್ತದೆ, ದಾರಿ ಖರ್ಚಿಗೆ ಒಳ್ಳೆಯದು. ಆದರೆ ಶುಗರ್ ಆಗಲೇ ಬಿದ್ದಿರುವಾಗ ಅದನ್ನು ನೆಚ್ಚಬೇಡಿ, ನಿಧಾನ. ಕಡಲೆಮಿಠಾಯಿ, ಚಾಕಲೇಟು ಇನ್ನೂ ನಿಧಾನ, ಅವುಗಳ ಜಿಡ್ಡು ಸಕ್ಕರೆಯನ್ನು ತಡೆದು ಹಿಡಿಯುತ್ತದೆ.

6. ಸೆನ್ಸರ್ ತೋರಿಸುವುದು ಕೆಲ ನಿಮಿಷದ ಹಿಂದಿನ ಸುದ್ದಿ

ತೋಳಿನ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಸುಮ್ಮನೆ ಕೂತಾಗಲೇ ಅದು ರಕ್ತಕ್ಕಿಂತ ಐದು ಹತ್ತು ನಿಮಿಷ ಹಿಂದಿರುತ್ತದೆ, ಓಟದಲ್ಲಿ ಅಂತರ ಇನ್ನೂ ಹೆಚ್ಚಬಹುದು. ಶುಗರ್ ವೇಗವಾಗಿ ಇಳಿಯುತ್ತಿರುವಾಗ ಸೆನ್ಸರ್ 105 ಎಂದರೆ ಬೆರಳಿನ ರಕ್ತದಲ್ಲಿ 85 ಇರಬಹುದು. ಆದ್ದರಿಂದ ಅಂಕಿಗಿಂತ ಬಾಣದ ದಿಕ್ಕು ನೋಡಿ, ಓಡುವಾಗ ಲೋ ಅಲಾರಂ ಅನ್ನು 100ಕ್ಕೆ ಇಡಿ.

ಸೆನ್ಸರ್ ಇಲ್ಲದವರು ಮೀಟರ್‌ನಿಂದಲೇ ನಡೆಸಬಹುದು: ಹೊರಡುವ ಅರ್ಧ ಗಂಟೆ ಮುಂಚೆ ಒಮ್ಮೆ, ಹೊರಡುವಾಗ ಒಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ. ಮೊದಲ ಎರಡು ಅಂಕಿ ಹೋಲಿಸಿದರೆ ಅದೇ ನಿಮ್ಮ ಬಾಣ. ಬೆರಳು ಚುಚ್ಚುವ ಮುನ್ನ ಕೈ ತೊಳೆಯುವುದನ್ನು ಮರೆಯಬೇಡಿ. ಗ್ಲೂಕೋಸ್ ಪುಡಿ ಮುಟ್ಟಿದ ಬೆರಳಿನಲ್ಲಿ, ಮಾವಿನ ಕಾಲದಲ್ಲಿ ಹಣ್ಣು ಸುಲಿದ ಬೆರಳಿನಲ್ಲಿ, ಅಂಟಿದ ಸಕ್ಕರೆಯೂ ಸ್ಟ್ರಿಪ್‌ಗೆ ಹೋಗುತ್ತದೆ. ನಿಜಕ್ಕೂ 65 ಇರುವಾಗ ಮೀಟರ್ 180 ತೋರಿಸಿದರೆ ಏನಾದೀತು ಯೋಚಿಸಿ. ನೀರಿಲ್ಲದ ಕಡೆ ಮೊದಲ ಹನಿ ಒರೆಸಿ ಎರಡನೆಯ ಹನಿ ಬಳಸಿ.

7. ಲೋ ಆದರೆ ನಿಲ್ಲಿ

ಓಟದಲ್ಲಿ ಬೆವರು, ಏದುಸಿರು, ಸುಸ್ತು ಇದ್ದದ್ದೇ. ಲೋ ಲಕ್ಷಣಗಳು ಅದರೊಳಗೆ ಅಡಗಿಬಿಡುತ್ತವೆ. ಬೇರೆ ಗುರುತುಗಳನ್ನು ಹಿಡಿಯಬೇಕು. ಸಮತಟ್ಟು ರಸ್ತೆಯಲ್ಲೂ ಕಾರಣವಿಲ್ಲದೆ ವೇಗ ಬೀಳುವುದು, ತುಟಿ ಜುಮ್ಮೆನ್ನುವುದು, ಕಾಲು ಎಡವುವುದು, ಜೊತೆಯವರ ಮಾತಿಗೆ ಸುಮ್ಮನೆ ರೇಗುವುದು. ನೂರರಿಂದ ಏಳೇಳು ಕಳೆಯುತ್ತ ಬನ್ನಿ: ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ತಡವರಿಸಿದರೆ ನಿಂತು ಅಳೆಯಿರಿ.

70ಕ್ಕಿಂತ ಕೆಳಗಿದ್ದರೆ ಹದಿನೈದರಿಂದ ಇಪ್ಪತ್ತು ಗ್ರಾಂ ಗ್ಲೂಕೋಸ್, ಹದಿನೈದು ನಿಮಿಷ ಕೂರಿ, ಮತ್ತೆ ಅಳೆಯಿರಿ. ಏರದಿದ್ದರೆ ಮತ್ತೊಮ್ಮೆ ಅಷ್ಟೇ. 54ಕ್ಕಿಂತ ಕೆಳಗೆ ಹೋಗಿದ್ದರೆ ಅವತ್ತಿನ ಓಟ ಅಲ್ಲಿಗೇ ಮುಗಿಯಿತು, ಆಮೇಲೆ 140ಕ್ಕೆ ಏರಿದರೂ ಸರಿ. ನುಂಗಲಾಗದ ಸ್ಥಿತಿಯಲ್ಲಿರುವವರ ಬಾಯಿಗೆ ಯಾರೂ ಏನೂ ಹಾಕಬಾರದು. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಗ್ಲುಕಗಾನ್ ಮನೆಯಲ್ಲಿಡಬೇಕೇ, ಎಲ್ಲಿ ಸಿಗುತ್ತದೆ, ಯಾರು ಕಲಿಯಬೇಕು ಎಂಬುದನ್ನೂ ಡಾಕ್ಟರನ್ನು ಕೇಳಿ. ಜೇಬಿನಲ್ಲಿ ಒಂದು ಚೀಟಿ ಇರಲಿ: "ನನಗೆ ಟೈಪ್ 1 ಡಯಾಬಿಟಿಸ್, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ", ಮನೆಯವರ ನಂಬರು. ನಮ್ಮ ಮನೆಮಾತು ಕನ್ನಡವಾದರೂ ಬರುವ ಆಂಬುಲೆನ್ಸಿನವರು ಓದುವುದು ತಮಿಳು, ಎರಡರಲ್ಲೂ ಬರೆಸಿ.

8. ಒಂದು ಬೆಳಗಿನ ಲೆಕ್ಕ

ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ, ಭಾನುವಾರ ಅಂಚೆಟ್ಟಿಯ ಮನೆಯಲ್ಲಿರುವ 60 ಕೆ.ಜಿ. ತೂಕದ ಯುವಕ ಎಂದಿಟ್ಟುಕೊಳ್ಳಿ. ರಾತ್ರಿ 18 ಯೂನಿಟ್ ಗ್ಲಾರ್ಜಿನ್, ಊಟಕ್ಕೆ ಹತ್ತು ಗ್ರಾಂ ಕಾರ್ಬ್‌ಗೆ ಒಂದು ಯೂನಿಟ್ ವೇಗದ ಇನ್ಸುಲಿನ್. ಎರಡು ಗಂಟೆ ಓಡುವ ಯೋಜನೆ.

ಆರಕ್ಕೆ ಎದ್ದಾಗ 118, ಬಾಣ ನೇರ. ರಾತ್ರಿಯ ಊಟದ ಇನ್ಸುಲಿನ್ ಮುಗಿದಿದೆ. ಒಂದು ಏಲಕ್ಕಿ ಬಾಳೆ ತಿನ್ನುತ್ತಾನೆ, ಅದಕ್ಕೆ ಇನ್ಸುಲಿನ್ ಇಲ್ಲ. ಆರೂವರೆಗೆ 139, ಹೊರಡುತ್ತಾನೆ. ಇಪ್ಪತ್ತು ನಿಮಿಷಕ್ಕೆ 142, ಹತ್ತು ಗ್ರಾಂ. ನಲವತ್ತಕ್ಕೆ 124, ಬಾಣ ಓರೆಯಾಗಿ ಕೆಳಕ್ಕೆ. ಇಲ್ಲಿ ಯೋಜನೆಯಂತೆ ಹತ್ತು ಗ್ರಾಂ ಕುಡಿದರೆ ಸಾಲದು, ಇಪ್ಪತ್ತು ಕುಡಿಯುತ್ತಾನೆ. ಒಂದು ಗಂಟೆಗೆ 103, ಇನ್ನೂ ಓರೆ ಬಾಣ. ಟೀ ಅಂಗಡಿಯ ಬಳಿ ನಿಂತು ಕೈ ತೊಳೆದು ಬೆರಳು ಚುಚ್ಚಿದರೆ 92. ಮತ್ತೆ ಇಪ್ಪತ್ತು ಗ್ರಾಂ, ಹತ್ತು ನಿಮಿಷ ನಡಿಗೆ. ಒಂದು ಗಂಟೆ ಇಪ್ಪತ್ತಕ್ಕೆ 115, ಬಾಣ ನೇರ. ಅಲ್ಲಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಹದಿನೈದು ಗ್ರಾಂ.

ಕೊನೆಯ ಏರುರಸ್ತೆಯನ್ನು ಜೋರಾಗಿ ಓಡಿ ಮುಗಿಸುತ್ತಾನೆ. ಮನೆಗೆ ಬಂದಾಗ 188, ಬಾಣ ಮೇಲಕ್ಕೆ. ಇಲ್ಲಿಯೇ ಬಹಳ ಜನ ಎಡವುವುದು. ಜೋರು ಓಟಕ್ಕೆ ಅಡ್ರಿನಲಿನ್ ಉಕ್ಕಿ ಲಿವರ್ ಸಕ್ಕರೆ ಸುರಿದಿದೆ. ಬಹುತೇಕ ತಾನಾಗಿಯೇ ಇಳಿಯುತ್ತದೆ. ಅದನ್ನು ಇಳಿಸಲೆಂದು ಪೂರ್ತಿ ಡೋಸ್ ಚುಚ್ಚಿದರೆ, ಸಕ್ಕರೆಗಾಗಿ ಬಾಯ್ತೆರೆದ ಸ್ನಾಯು ಮತ್ತು ಹೊಸ ಇನ್ಸುಲಿನ್ ಸೇರಿ ಮಧ್ಯಾಹ್ನಕ್ಕೆ ಮಲಗಿಸುತ್ತವೆ. ಅವನು ಏರಿದ ಶುಗರಿಗೆಂದು ಏನೂ ಚುಚ್ಚದೆ, 60 ಗ್ರಾಂ ಕಾರ್ಬ್‌ನ ತಿಂಡಿಗೆ ಆರರ ಬದಲು ಮೂರು ಯೂನಿಟ್ ಹಾಕುತ್ತಾನೆ. ಓಟದ ನಂತರದ ಮೊದಲ ಊಟಕ್ಕೆ ಅರ್ಧದವರೆಗೆ ಇಳಿಸಬಹುದೆಂದು ಡಾಕ್ಟರು ಮೊದಲೇ ಹೇಳಿರುತ್ತಾರೆ.

ಈ ಲೆಕ್ಕ ಅವನದು. ಅದೇ ತೂಕ, ಅದೇ ದಾರಿ ಇದ್ದರೂ ನಿಮ್ಮ ಇಳಿತ ಬೇರೆ ಇರುತ್ತದೆ. ಬಿಸಿಲಿನಲ್ಲಿ ಇನ್ನೂ ಬೇರೆ: ಚರ್ಮದ ರಕ್ತನಾಳಗಳು ಹಿಗ್ಗಿ ಇನ್ಸುಲಿನ್ ಬೇಗ ಒಳಸೇರುತ್ತದೆ. ಅದೇ ಬಿಸಿಲು ಪೆನ್ನಿನೊಳಗಿನ ಇನ್ಸುಲಿನ್‌ನ ಶಕ್ತಿಯನ್ನೂ ಕಳೆಯುತ್ತದೆ. ಬೈಕಿನ ಪೆಟ್ಟಿಗೆಯಲ್ಲಿ ಅದನ್ನು ಬಿಟ್ಟು ಓಡಬೇಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಒದ್ದೆ ಮಣ್ಣಿನ ಮಡಕೆ ಒಳ್ಳೆಯ ಕೆಲಸ ಮಾಡುತ್ತದೆ.

9. ಓಟ ಬೆಳಿಗ್ಗೆ ಮುಗಿದರೂ ಎಚ್ಚರ ರಾತ್ರಿಯವರೆಗೆ

ಸ್ನಾಯು ತಾನು ಖರ್ಚು ಮಾಡಿದ ಸಕ್ಕರೆಯ ದಾಸ್ತಾನನ್ನು ಮತ್ತೆ ತುಂಬಿಕೊಳ್ಳಲು ಇಡೀ ದಿನ ತೆಗೆದುಕೊಳ್ಳಬಹುದು. ಅದರಿಂದಾಗಿ ರಾತ್ರಿ ನಿದ್ದೆಯಲ್ಲಿ ಲೋ ಆಗುವ ಅಪಾಯ, ಅದರಲ್ಲೂ ಸಂಜೆ ಓಡಿದವರಿಗೆ, ಹೆಚ್ಚು. ಮಲಗುವ ಮುನ್ನ 110ರ ಆಸುಪಾಸು ಇದ್ದರೆ, ಬೇರೆ ದಿನ ಅದು ಒಳ್ಳೆಯ ಅಂಕಿ. ಉದ್ದ ಓಟದ ದಿನ ಅಲ್ಲ. ಕೆ.ಜಿ.ಗೆ ಸುಮಾರು 0.4 ಗ್ರಾಂ, ಅಂದರೆ 60 ಕೆ.ಜಿ.ಯವರಿಗೆ 24 ಗ್ರಾಂ ಕಾರ್ಬ್ ಇನ್ಸುಲಿನ್ ಇಲ್ಲದೆ ತಿಂದು ಮಲಗುವುದು, ರಾತ್ರಿ ಎರಡಕ್ಕೆ ಅಲಾರಂ ಇಟ್ಟು ನೋಡುವುದು ವಾಡಿಕೆ. ಆ ರಾತ್ರಿಯ ಬೇಸಲ್ ಸುಮಾರು ಇಪ್ಪತ್ತು ಪರ್ಸೆಂಟ್ ಇಳಿಸುವ ದಾರಿಯೂ ಇದೆ. ಮೇಲಿನ ಯುವಕನಿಗೆ 18ರ ಬದಲು 14. ಇದನ್ನು ಡಾಕ್ಟರು ಹೇಳಿದ ಮೇಲೆಯೇ ಮಾಡಿ. ಡೆಗ್ಲುಡೆಕ್ ಹಾಕುವವರಿಗೆ ಒಂದೇ ರಾತ್ರಿ ಇಳಿಸಿ ಪ್ರಯೋಜನವಿಲ್ಲ. ಅದರ ಕೆಲಸ ಒಂದು ದಿನ ದಾಟಿ ಉಳಿಯುತ್ತದೆ. ಪಂಪ್ ಇರುವವರು ಓಟಕ್ಕೆ ಒಂದು ಒಂದೂವರೆ ಗಂಟೆ ಮುಂಚೆಯೇ ಬೇಸಲ್ ತಗ್ಗಿಸಬೇಕು, ಹೊರಟ ಮೇಲೆ ತಗ್ಗಿಸಿದರೆ ತಡವಾಯಿತು.

ಡಾಕ್ಟರ ಬಳಿ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿರಲಿ, ಬೆಂಗಳೂರಿನ ಕರ್ನಾಟಕ ಎಂಡೋಕ್ರೈನಾಲಜಿ ಸಂಸ್ಥೆಯಿರಲಿ, ಸಾಲು ಉದ್ದ, ಸಿಗುವ ಹೊತ್ತು ಕಡಿಮೆ. ಮೂರ್ನಾಲ್ಕು ಓಟಗಳ ಪುಟಗಳನ್ನು ಒಯ್ಯಿರಿ: ಕೊನೆಯ ಇನ್ಸುಲಿನ್ ಯಾವಾಗ ಎಷ್ಟು, ಹೊರಡುವಾಗಿನ ಅಂಕಿ, ಅರ್ಧ ಗಂಟೆಗೊಮ್ಮೆ ಅಂಕಿ, ಕುಡಿದ ಗ್ಲೂಕೋಸ್, ಮಲಗುವಾಗಿನ ಮತ್ತು ರಾತ್ರಿ ಎರಡರ ಅಂಕಿ. ಇಷ್ಟಿದ್ದರೆ ಅವರು ಐದು ನಿಮಿಷದಲ್ಲಿ ಡೋಸ್ ತಿದ್ದಬಲ್ಲರು. ಉದ್ದ ಓಟ ಶುರುಮಾಡುವ ಮುನ್ನವೇ ಕಣ್ಣಿನ ರೆಟಿನಾ, ಪಾದದ ಸ್ಪರ್ಶ, ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿ. ವಯಸ್ಸಾಗಿದ್ದರೆ ಅಥವಾ ಕಾಯಿಲೆ ಹಳೆಯದಾಗಿದ್ದರೆ ಹೃದಯವನ್ನೂ. ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದಿದ್ದರೆ ಅದಕ್ಕೆ ಚಿಕಿತ್ಸೆಯಾಗುವವರೆಗೆ ಜೋರು ಓಟ ಬೇಡವೆನ್ನುತ್ತಾರೆ. ಪಾದದ ಸ್ಪರ್ಶ ಕಡಿಮೆಯಿದ್ದರೆ ಬೊಬ್ಬೆ ಎದ್ದದ್ದೂ ಗೊತ್ತಾಗದು, ಪ್ರತಿ ಓಟದ ನಂತರ ಸಾಕ್ಸ್ ಬಿಚ್ಚಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಬೇಕು.